ಡಿಜಿಟಲ್ ಸರಕು ಮತ್ತು ಹಣ ವಾಪಸಾತಿ: ಕಂಪನಿಯ ನೀತಿ, ಗ್ರಾಹಕರ ಹಕ್ಕು

ಆನ್‌ಲೈನಿನಲ್ಲಿ ಕೊಂಡ ಇ-ಪುಸ್ತಕ, ಗೇಮಿನ ನಾಣ್ಯ, ಸಾಫ್ಟ್‌ವೇರ್ ಲೈಸೆನ್ಸ್ ಇವುಗಳ ಹಣವನ್ನು ವಾಪಸ್ ಕೇಳುವ ಸಂದರ್ಭಗಳು ಮುಖ್ಯವಾಗಿ ಎರಡು ಬಗೆಯವು. ಮೊದಲ ಬಗೆಯಲ್ಲಿ ಸರಕಿನಲ್ಲಿ ತಪ್ಪೇನೂ ಇರುವುದಿಲ್ಲ. ಕೊಂಡವರ ಮನಸ್ಸು ಬದಲಾಗಿರುತ್ತದೆ, ಇಲ್ಲವೇ ಅವಸರದಲ್ಲಿ ಬೇರೆಯದನ್ನು ಒತ್ತಿ ಕೊಂಡಿರುತ್ತಾರೆ. ಎರಡನೆಯ ಬಗೆಯಲ್ಲಿ ತಪ್ಪು ಸರಕಿನದೇ. ಪುಸ್ತಕ ತೆರೆದುಕೊಳ್ಳುವುದಿಲ್ಲ, ನಾಣ್ಯ ಖಾತೆಗೆ ಬಂದಿರುವುದಿಲ್ಲ, ಸಾಫ್ಟ್‌ವೇರ್ ತನ್ನ ಜಾಹೀರಾತಿನಲ್ಲಿ ಹೇಳಿದ ಕೆಲಸವನ್ನು ಮಾಡುವುದಿಲ್ಲ.

ಈ ಎರಡಕ್ಕೂ ಭಾರತದ ಕಾನೂನು ಕೊಡುವ ಉತ್ತರ ಬೇರೆ ಬೇರೆ. ಮನಸ್ಸು ಬದಲಾದ ಕಾರಣಕ್ಕೆ ಆನ್‌ಲೈನ್ ಖರೀದಿಯ ಹಣವನ್ನು ಹಿಂದಿರುಗಿಸಲೇಬೇಕು ಎಂಬ ಸಾಮಾನ್ಯ ನಿಯಮ ಇಲ್ಲಿ ಇಲ್ಲ. ಅಲ್ಲಿ ಸಿಗುವುದೆಲ್ಲ ಕಂಪನಿ ತಾನಾಗಿ ಒಪ್ಪಿಕೊಂಡಿರುವ ನೀತಿಯ ಫಲ. ಸರಕು ದೋಷಪೂರಿತವಾಗಿದ್ದಾಗ ಮಾತ್ರ ಹಣ ವಾಪಸಾತಿ ಗ್ರಾಹಕರ ಹಕ್ಕು; ಕಂಪನಿಯ ನೀತಿಯಲ್ಲಿ ಏನೇ ಬರೆದಿದ್ದರೂ ಆ ಹಕ್ಕು ಉಳಿಯುತ್ತದೆ. ಕಂಪನಿಗಳ ‘ರೀಫಂಡ್ ಇಲ್ಲ’ ಎಂಬ ಒಂದು ಸಾಲು ಈ ಎರಡು ಬಗೆಯನ್ನೂ ಒಂದಾಗಿಸಿಬಿಡುತ್ತದೆ. ಗ್ರಾಹಕರು ಹಕ್ಕನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಆ ಸಾಲನ್ನು ಓದಿ ಸುಮ್ಮನಾದಾಗ.

ಕೊಂಡದ್ದು ಏನು?

ಅಚ್ಚಾದ ಪುಸ್ತಕವನ್ನು ಅಂಗಡಿಗೆ ಹಿಂದಿರುಗಿಸಿದರೆ ಅದು ಮತ್ತೆ ಕಪಾಟು ಸೇರುತ್ತದೆ, ಕೊಂಡವರ ಕೈ ಖಾಲಿಯಾಗುತ್ತದೆ. ಡಿಜಿಟಲ್ ಸರಕಿನಲ್ಲಿ ಹೀಗೆ ಕೈಯಿಂದ ಕೈಗೆ ದಾಟುವ ವಸ್ತುವೇ ಇಲ್ಲ. ಗ್ರಾಹಕರಿಗೆ ಸಿಗುವುದು ಬಳಸುವ ಅನುಮತಿ, ಅಂದರೆ ಲೈಸೆನ್ಸ್. ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ಅದು ಆದಾಯ ತೆರಿಗೆಯ ವಿಚಾರ. ಕರ್ನಾಟಕ ಹೈಕೋರ್ಟಿನ ತೀರ್ಪೂ ಸೇರಿದಂತೆ ಹಲವು ಮೇಲ್ಮನವಿಗಳು ಅಲ್ಲಿ ಒಟ್ಟಿಗೆ ಬಂದಿದ್ದವು. ವಿದೇಶಿ ಸಾಫ್ಟ್‌ವೇರನ್ನು ಕೊಂಡ ಬಳಕೆದಾರರಿಗೆ ಅದರ ಹಕ್ಕುಸ್ವಾಮ್ಯದ ಯಾವ ಪಾಲೂ ದೊರೆಯುವುದಿಲ್ಲ, ದೊರೆಯುವುದು ಬಳಕೆಯ ಅವಕಾಶ ಮಾತ್ರ ಎಂಬುದು ತೀರ್ಪಿನ ತಿರುಳು.

ಹಣ ವಾಪಸ್ ಕೊಡಲು ಕಂಪನಿಗಳು ಹಿಂಜರಿಯುವುದಕ್ಕೆ ನಿಜವಾದ ಕಾರಣವೂ ಇದೆ. ಇಮೇಲಿನಲ್ಲಿ ಬಂದ ಪಿಡಿಎಫ್ ಪುಸ್ತಕವನ್ನು ‘ಹಿಂದಿರುಗಿಸಿದೆ’ ಎಂದವರ ಕಂಪ್ಯೂಟರಿನಲ್ಲಿ ಪ್ರತಿ ಉಳಿದಿಲ್ಲ ಎಂದು ತಿಳಿಯಲು ದಾರಿಯಿಲ್ಲ. ಒಮ್ಮೆ ಕಣ್ಣಿಗೆ ಬಿದ್ದ ಗಿಫ್ಟ್ ಕಾರ್ಡಿನ ಅಂಕಿಗಳನ್ನು ಮತ್ತೊಬ್ಬರಿಗೆ ಮಾರುವಂತಿಲ್ಲ. ಆದರೆ ಈ ಕಾರಣ ಎಲ್ಲ ಡಿಜಿಟಲ್ ಸರಕಿಗೂ ಹೊಂದುವುದಿಲ್ಲ. ಕಿಂಡಲ್ ಪುಸ್ತಕ, ಸ್ಟೀಮ್ ಗೇಮ್, ಖಾತೆಗೆ ಜೋಡಿಸಿದ ಸಾಫ್ಟ್‌ವೇರ್ ಇವುಗಳ ಅನುಮತಿ ಕಂಪನಿಯ ಸರ್ವರಿನಲ್ಲಿರುತ್ತದೆ. ಕಂಪನಿ ಬೇಕೆಂದಾಗ ಅದನ್ನು ಹಿಂತೆಗೆದುಕೊಳ್ಳಬಲ್ಲದು. ಕೊಂಡವರು ಎಷ್ಟು ಪುಟ ಓದಿದರು, ಎಷ್ಟು ನಿಮಿಷ ಆಡಿದರು ಎಂಬ ಲೆಕ್ಕವೂ ಅದರ ಬಳಿಯೇ ಇರುತ್ತದೆ. ಇಂಥ ಸರಕನ್ನು ‘ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ’ ಎನ್ನುವ ಮಾತು ತಾಂತ್ರಿಕವಾಗಿ ಸರಿಯಲ್ಲ. ಈ ಲೆಕ್ಕದ ಆಧಾರದ ಮೇಲೆಯೇ ದೊಡ್ಡ ಕಂಪನಿಗಳ ರೀಫಂಡ್ ನೀತಿಗಳು ನಿಂತಿವೆ.

ಮನಸ್ಸು ಬದಲಾದಾಗ

ಸ್ಟೀಮ್ ಎಂಬ ಗೇಮ್ ಮಳಿಗೆಯ ಒಡೆತನ ಅಮೆರಿಕದ ವಾಲ್ವ್ ಕಂಪನಿಯದು. ಅದು 2015ರ ಜೂನ್‌ನಲ್ಲಿ ತಂದ ನೀತಿಯಲ್ಲಿ ಎರಡು ಮಿತಿಗಳಿವೆ. ಕೊಂಡು 14 ದಿನ ಕಳೆದಿರಬಾರದು, ಆಡಿದ ಸಮಯ 2 ಗಂಟೆ ದಾಟಿರಬಾರದು. ಎರಡೂ ಮಿತಿಯೊಳಗಿದ್ದರೆ ಕಾರಣ ಏನೇ ಇದ್ದರೂ ಹಣ ವಾಪಸ್ ಬರುತ್ತದೆ. ಮೊದಲ ಮಿತಿ ಕ್ಯಾಲೆಂಡರಿನದು, ಎರಡನೆಯದು ಬಳಕೆಯದು. ಬಳಕೆಯ ಮಿತಿ ಇಲ್ಲದಿದ್ದರೆ ಮೂರು ಗಂಟೆಯಲ್ಲಿ ಮುಗಿಯುವ ಸಣ್ಣ ಗೇಮನ್ನು ಪೂರ್ತಿ ಆಡಿ ಹಣ ವಾಪಸ್ ಪಡೆಯಬಹುದಿತ್ತು.

ಇ-ಪುಸ್ತಕದಲ್ಲಿ ಇದೇ ಸಮಸ್ಯೆ ದೊಡ್ಡದಾಗಿ ಕಾಣಿಸಿಕೊಂಡಿತು. ಅಮೆಜಾನ್ ಕಿಂಡಲ್ ಪುಸ್ತಕವನ್ನು ತಪ್ಪಿ ಕೊಂಡವರು 7 ದಿನದೊಳಗೆ ತಾವೇ ಒಂದು ಗುಂಡಿ ಒತ್ತಿ ಹಿಂದಿರುಗಿಸಬಹುದಿತ್ತು. ಕೆಲವರು ಇಡೀ ಪುಸ್ತಕವನ್ನು ಓದಿ, ಏಳನೆಯ ದಿನ ಹಿಂದಿರುಗಿಸುವುದನ್ನು ಅಭ್ಯಾಸ ಮಾಡಿಕೊಂಡರು. ಹಿಂದಿರುಗಿದ ಪ್ರತಿ ಪುಸ್ತಕಕ್ಕೂ ಲೇಖಕರ ಗೌರವಧನ ಕಡಿತವಾಗುತ್ತಿತ್ತು. ತಾವೇ ಪುಸ್ತಕ ಪ್ರಕಟಿಸಿಕೊಳ್ಳುತ್ತಿದ್ದ ಸಣ್ಣ ಲೇಖಕರಿಗೆ ಇದು ನೇರ ಪೆಟ್ಟು. ಅಮೆರಿಕದ ಲೇಖಕರ ಸಂಘವಾದ ಆಥರ್ಸ್ ಗಿಲ್ಡ್ ಅಮೆಜಾನ್ ಜೊತೆ ಮಾತುಕತೆ ನಡೆಸಿತು. ಪುಸ್ತಕದ ಶೇ 10ಕ್ಕಿಂತ ಹೆಚ್ಚು ಭಾಗ ಓದಿದ್ದರೆ ತಾನಾಗಿ ರೀಫಂಡ್ ಆಗುವುದಿಲ್ಲ, ಗ್ರಾಹಕ ಸೇವಾ ಸಿಬ್ಬಂದಿ ಪರಿಶೀಲಿಸಿಯೇ ತೀರ್ಮಾನಿಸಬೇಕು ಎಂಬ ಬದಲಾವಣೆಯನ್ನು 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಲಾಯಿತು. ಉದಾರವಾದ ರೀಫಂಡ್ ನೀತಿಯ ಖರ್ಚನ್ನು ಸದಾ ಕಂಪನಿಯೇ ಭರಿಸುವುದಿಲ್ಲ, ಅದು ಬರೆದವರ ಮೇಲೂ ಬೀಳುತ್ತದೆ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಇವೆಲ್ಲ ನೀತಿಗಳು, ಕಂಪನಿ ಬಯಸಿದರೆ ನಾಳೆ ಬದಲಾಗುತ್ತವೆ. ಆದ್ದರಿಂದ ಅನ್ವಯಿಸುವುದು ಕೊಂಡ ದಿನ ಜಾರಿಯಲ್ಲಿದ್ದ ನೀತಿಯೇ ಎಂದು ತೋರಿಸುವುದು ಅಂದಿನ ಪುಟದ ಪ್ರತಿಯನ್ನು ಉಳಿಸಿಕೊಂಡವರಿಗೆ ಸುಲಭ.

ಯುರೋಪಿನ ಒಕ್ಕೂಟದಲ್ಲಿ ಪರಿಸ್ಥಿತಿ ಭಿನ್ನ. ಅಲ್ಲಿ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ ದೂರದಿಂದ ಮಾಡಿದ ಖರೀದಿಯನ್ನು 14 ದಿನದೊಳಗೆ ಯಾವ ಕಾರಣವೂ ಇಲ್ಲದೆ ರದ್ದು ಮಾಡಬಹುದು. ಡಿಜಿಟಲ್ ಸರಕಿಗೆ ಇದರಲ್ಲಿ ಒಂದು ವಿನಾಯಿತಿಯಿದೆ. ‘ಈಗಲೇ ಡೌನ್‌ಲೋಡ್ ಆರಂಭಿಸಿ, ಇದರಿಂದ ರದ್ದುಮಾಡುವ ಹಕ್ಕು ಹೋಗುತ್ತದೆಂದು ತಿಳಿದಿದೆ’ ಎಂದು ಗ್ರಾಹಕರು ಸ್ಪಷ್ಟವಾಗಿ ಒಪ್ಪಿ, ಮಾರಾಟಗಾರ ಅದನ್ನು ಲಿಖಿತವಾಗಿ ದೃಢಪಡಿಸಿದರೆ, ಡೌನ್‌ಲೋಡ್ ಶುರುವಾದ ಕ್ಷಣಕ್ಕೆ ಆ ಹಕ್ಕು ಮುಗಿಯುತ್ತದೆ. ಹಾಗಾಗಿ ಅಲ್ಲಿನ ಹಲವು ಮಳಿಗೆಗಳು ಖರೀದಿಯ ಹೊತ್ತಿನಲ್ಲೇ ಈ ಒಪ್ಪಿಗೆಯನ್ನು ಪಡೆದುಬಿಡುತ್ತವೆ. ಕಾಗದದ ಮೇಲಿನ 14 ದಿನ, ವ್ಯವಹಾರದಲ್ಲಿ ಡೌನ್‌ಲೋಡ್ ಗುಂಡಿಯವರೆಗೆ ಮಾತ್ರ. ಜರ್ಮನಿಯಲ್ಲೋ ನೆದರ್ಲೆಂಡ್ಸಿನಲ್ಲೋ ನೆಲೆಸಿ ಅಲ್ಲಿನ ಖಾತೆಯಿಂದ ಕೊಳ್ಳುವ ಕನ್ನಡಿಗರಿಗೆ ಈ ನಿಯಮ ಅನ್ವಯಿಸುತ್ತದೆ. ಊರಿನಲ್ಲಿರುವ ಅವರ ಅಪ್ಪ ಅಮ್ಮ ಭಾರತದ ಖಾತೆಯಿಂದ ಅದೇ ಪುಸ್ತಕ ಕೊಂಡರೆ ಅನ್ವಯಿಸುವುದಿಲ್ಲ.

ಸರಕೇ ದೋಷಪೂರಿತವಾದಾಗ

ಭಾರತದ ಗ್ರಾಹಕರಿಗೆ ನಿಜವಾದ ಬಲ ಇರುವುದು ಇಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಆನ್‌ಲೈನ್ ಖರೀದಿಯನ್ನು ನೇರವಾಗಿ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಅದರಲ್ಲಿರುವ ಇ-ಕಾಮರ್ಸ್ ವ್ಯಾಖ್ಯೆಯಲ್ಲಿ ‘ಡಿಜಿಟಲ್ ಉತ್ಪನ್ನಗಳೂ ಸೇರಿದಂತೆ’ ಎಂಬ ಮಾತಿದೆ. ಕಾಯ್ದೆಯಡಿ 2020ರ ಜುಲೈ 23ರಂದು ಹೊರಬಂದ ಇ-ಕಾಮರ್ಸ್ ನಿಯಮಗಳೂ ಡಿಜಿಟಲ್ ಉತ್ಪನ್ನವನ್ನು ಹೆಸರಿಸಿವೆ. ಆದ್ದರಿಂದ ‘ಇದು ವಸ್ತುವಲ್ಲ, ಬರೀ ಲೈಸೆನ್ಸ್, ಗ್ರಾಹಕ ಕಾನೂನು ಅನ್ವಯಿಸದು’ ಎಂಬ ವಾದ ಬಾಗಿಲಲ್ಲೇ ನಿಲ್ಲುತ್ತದೆ.

ಈ ನಿಯಮಗಳ ಪ್ರಕಾರ ಮಾರಾಟಗಾರ ಹಣ ವಾಪಸ್ ಕೊಡಲು ನಿರಾಕರಿಸಬಾರದ ಸಂದರ್ಭಗಳು ಹೀಗಿವೆ: ಸರಕು ಅಥವಾ ಸೇವೆ ದೋಷಪೂರಿತ, ನ್ಯೂನ ಅಥವಾ ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಗುಣಲಕ್ಷಣ ಅದರಲ್ಲಿ ಇಲ್ಲದಿದ್ದರೆ, ಹೇಳಿದ ಸಮಯಕ್ಕಿಂತ ತಡವಾಗಿ ತಲುಪಿದರೆ. ಮಾರುಕಟ್ಟೆ ತಾಣದಲ್ಲಿ ಮಾರುವವರಿಗೆ ಇದನ್ನು 6ನೇ ನಿಯಮ ಹೇಳುತ್ತದೆ, ಸ್ವಂತ ತಾಣದಲ್ಲಿ ಸ್ವಂತ ಸರಕು ಮಾರುವವರಿಗೆ 7ನೇ ನಿಯಮ. ಕಾಯ್ದೆಯ 2(47)ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು ಅದು ಹೆಸರಿಸಿದೆ.

‘ದೋಷ’ದ ವ್ಯಾಖ್ಯೆಯನ್ನು ನಿಧಾನವಾಗಿ ಗಮನಿಸಬೇಕು. ಕಾನೂನು ಅಥವಾ ಕರಾರು ಬೇಡುವ ಗುಣಮಟ್ಟದಲ್ಲಿ ಕೊರತೆ ಇರುವುದು ದೋಷ. ಅದರ ಜೊತೆಗೆ, ವರ್ತಕ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಇಲ್ಲದಿರುವುದೂ ದೋಷವೇ. ಮಾರಾಟದ ಪುಟದ ಒಂದು ಸಾಲು, ವೈಶಿಷ್ಟ್ಯಗಳ ಪಟ್ಟಿಯ ಒಂದು ಗುರುತು, ಮಾರಾಟ ಸಿಬ್ಬಂದಿಯ ಒಂದು ಇಮೇಲು, ಇವೆಲ್ಲವೂ ಇದರಲ್ಲಿ ಬರುತ್ತವೆ. ಹಣ ವಾಪಸ್ ಕೇಳುವ ಪತ್ರದ ಜೀವ ಇರುವುದು ಈ ಹೋಲಿಕೆಯಲ್ಲಿ: ಅವರು ಹೇಳಿದ್ದು ಇದು, ಸಿಕ್ಕಿದ್ದು ಇದು.

ವಿದೇಶಿ ಕಂಪನಿ ಎಂಬುದೂ ರಕ್ಷಣೆಯಲ್ಲ. ಭಾರತದಲ್ಲಿ ನೆಲೆಯಿಲ್ಲದಿದ್ದರೂ ಇಲ್ಲಿನ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ಸಂಸ್ಥೆಗಳಿಗೆ 2020ರ ನಿಯಮಗಳು ಅನ್ವಯಿಸುತ್ತವೆ. ಇಂಥ ನಿಯಮ ಕಾಗದದಲ್ಲೇ ಉಳಿಯಬೇಕಿಲ್ಲ ಎಂಬುದಕ್ಕೆ ಆಸ್ಟ್ರೇಲಿಯಾದ ಉದಾಹರಣೆ ಇದೆ. ವಾಲ್ವ್ ಕಂಪನಿಯ ಷರತ್ತುಗಳಲ್ಲಿ ರೀಫಂಡ್ ಇಲ್ಲ ಎಂದಿದ್ದುದರ ವಿರುದ್ಧ ಅಲ್ಲಿನ ಗ್ರಾಹಕ ಆಯೋಗ ಫೆಡರಲ್ ಕೋರ್ಟಿಗೆ ಹೋಯಿತು. ತನ್ನ ಒಪ್ಪಂದ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾನೂನಿನಡಿ ಬರುತ್ತದೆ ಎಂದು ಕಂಪನಿ ವಾದಿಸಿತು. ನ್ಯಾಯಾಲಯ 2016ರಲ್ಲಿ ಅದನ್ನು ತಳ್ಳಿಹಾಕಿ, ಆಸ್ಟ್ರೇಲಿಯಾದ ಗ್ರಾಹಕರಿಗೆ ಆ ದೇಶದ ಕಾನೂನು ಕೊಡುವ ಖಾತರಿಯನ್ನು ಷರತ್ತಿನ ಮೂಲಕ ಕಿತ್ತುಕೊಳ್ಳಲಾಗದು ಎಂದಿತು. ಅದೇ ವರ್ಷ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡವನ್ನೂ ವಿಧಿಸಿತು.

ಒಂದು ಪ್ರಕರಣ: ಒಡೆದ ಒತ್ತಕ್ಷರ

ಈ ನಿಯಮಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ಒಂದು ಕಲ್ಪಿತ ಪ್ರಕರಣವನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿದರೆ ತಿಳಿಯುತ್ತದೆ. ದಾವಣಗೆರೆಯಲ್ಲಿ ಒಬ್ಬ ಮಹಿಳೆ ಮನೆಯಲ್ಲೇ ಕುಳಿತು ಡಿಟಿಪಿ ಕೆಲಸ ಮಾಡುತ್ತಾರೆ. ಮದುವೆ ಪತ್ರಿಕೆ, ಸಹಕಾರ ಸಂಘದ ವರದಿ, ಅಭಿನಂದನ ಗ್ರಂಥಗಳ ಪುಟ ಕಟ್ಟುವುದು ಅವರ ಜೀವನೋಪಾಯ. ಮಾರ್ಚ್ 3ರಂದು ಅವರು ಪುಟವಿನ್ಯಾಸದ ಸಾಫ್ಟ್‌ವೇರ್ ಒಂದರ ಲೈಸೆನ್ಸನ್ನು ಕಂಪನಿಯ ತಾಣದಲ್ಲೇ ಕೊಂಡರು. ಬೆಲೆ 6,000 ರೂಪಾಯಿ, ಶೇ 18ರ ಜಿಎಸ್‌ಟಿ 1,080 ರೂಪಾಯಿ, ಒಟ್ಟು 7,080. ಮಾರಾಟದ ಪುಟದಲ್ಲಿ ‘ಕನ್ನಡ ಯೂನಿಕೋಡ್‌ಗೆ ಪೂರ್ಣ ಬೆಂಬಲ, ಮುದ್ರಣಕ್ಕೆ ಸಿದ್ಧ ಪಿಡಿಎಫ್’ ಎಂದಿತ್ತು. ಇಮೇಲಿನಲ್ಲಿ ಬಂದ ಕೀ ಹಾಕಿ ಅಂದೇ ಸಕ್ರಿಯಗೊಳಿಸಿದರು.

ಮಾರ್ಚ್ 5ರಂದು ಮೊದಲ ಕೆಲಸವನ್ನು ಪಿಡಿಎಫ್ ಮಾಡಿದಾಗ ಒತ್ತಕ್ಷರಗಳು ಬಿಚ್ಚಿಕೊಂಡವು. ತೆರೆಯ ಮೇಲೆ ‘ಶಾಸ್ತ್ರ’ ಎಂದು ಸರಿಯಾಗಿ ಕಂಡ ಪದ ಪಿಡಿಎಫ್‌ನಲ್ಲಿ ‘ಶಾಸ್‌ತ್‌ರ’ ಎಂದಾಗಿತ್ತು. ಅಚ್ಚಿಗೆ ಅದನ್ನು ಕಳಿಸುವಂತಿಲ್ಲ.

ಇಲ್ಲಿ ಮೊದಲು ಮಾಡಬೇಕಾದ್ದು ದೋಷ ಎಲ್ಲಿಯದು ಎಂದು ಬೇರ್ಪಡಿಸುವುದು. ಕಂಪನಿಯ ಮೊದಲ ಉತ್ತರ ಬಹುಪಾಲು ‘ನಿಮ್ಮ ಫಾಂಟ್ ಸರಿಯಿಲ್ಲ’ ಎಂದೇ ಇರುತ್ತದೆ. ಆದ್ದರಿಂದ ಅದೇ ಸಾಲನ್ನು, ಅದೇ ಯೂನಿಕೋಡ್ ಫಾಂಟಿನಲ್ಲಿ, ಅದೇ ಕಂಪ್ಯೂಟರಿನಲ್ಲಿ ಬೇರೊಂದು ತಂತ್ರಾಂಶದಿಂದ ಪಿಡಿಎಫ್ ಮಾಡಿ ನೋಡಬೇಕು. ಅಲ್ಲಿ ಒತ್ತುಗಳು ಸರಿಯಾಗಿ ಬಂದರೆ ಫಾಂಟಿನ ತಪ್ಪಲ್ಲ. ಮತ್ತೊಂದು ಫಾಂಟಿನಲ್ಲೂ ಹೊಸ ಸಾಫ್ಟ್‌ವೇರ್ ಒತ್ತುಗಳನ್ನು ಒಡೆದರೆ ತಪ್ಪು ಅದರದೇ ಎಂಬುದು ಗಟ್ಟಿಯಾಗುತ್ತದೆ. ಎರಡೂ ಪಿಡಿಎಫ್, ಸಾಫ್ಟ್‌ವೇರಿನ ಆವೃತ್ತಿಯ ಸಂಖ್ಯೆ, ಮಾರಾಟದ ಪುಟದ ಸ್ಕ್ರೀನ್‌ಶಾಟ್, ಬಿಲ್ಲು, ಷರತ್ತುಗಳ ಪುಟ ಇಷ್ಟನ್ನೂ ಅದೇ ದಿನ ಒಂದು ಫೋಲ್ಡರಿಗೆ ಹಾಕಬೇಕು. ಮಾರಾಟದ ಪುಟವನ್ನು ಕಂಪನಿ ಮರುದಿನ ತಿದ್ದಬಹುದು, ಹಾಗಾಗಿ ಅದರ ಪ್ರತಿಗೆ ಬೆಲೆ ಹೆಚ್ಚು.

ಮಾರ್ಚ್ 6ರಂದು ಆಕೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆಯುತ್ತಾರೆ. ಈ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರ ತಾಣದಲ್ಲಿ ಇರಲೇಬೇಕು ಎಂಬುದು ನಿಯಮ. ದೂರು ತಲುಪಿದೆ ಎಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಪತ್ರದಲ್ಲಿ ದೋಷವನ್ನು ಎರಡು ಸಾಲಿನಲ್ಲಿ ಹೇಳಿ, ಸರಿಪಡಿಸಿದ ಆವೃತ್ತಿ ಕೊಡಿ ಇಲ್ಲವೇ 7,080 ರೂಪಾಯಿ ಹಿಂದಿರುಗಿಸಿ ಎಂದು ಕೇಳುತ್ತಾರೆ. ಕೀಯನ್ನು ನಿಷ್ಕ್ರಿಯಗೊಳಿಸಲು ತಮ್ಮ ಒಪ್ಪಿಗೆಯಿದೆ ಎಂದೂ ಬರೆಯುತ್ತಾರೆ. ಈ ಕೊನೆಯ ಸಾಲಿಗೆ ತೂಕವಿದೆ. ಹಣವೂ ಬೇಕು ಸಾಫ್ಟ್‌ವೇರೂ ಬೇಕು ಎನ್ನುವವರ ಸಾಲಿಗೆ ತಮ್ಮನ್ನು ಸೇರಿಸದಂತೆ ಅದು ಮಾಡುತ್ತದೆ. ಅಂದಿನಿಂದ ಆಕೆ ಆ ಸಾಫ್ಟ್‌ವೇರಿನಲ್ಲಿ ಹೊಸ ಕೆಲಸ ಮಾಡುವುದನ್ನು ನಿಲ್ಲಿಸಿರಬೇಕು; ಬಳಸುತ್ತಲೇ ಇದ್ದರೆ ದೂರು ದುರ್ಬಲವಾಗುತ್ತದೆ.

ಕಂಪನಿಯ ಉತ್ತರ: ‘ಕೀ ಸಕ್ರಿಯಗೊಂಡ ಮೇಲೆ ರೀಫಂಡ್ ಇಲ್ಲ.’ ಆಕೆಯ ಮರುಪತ್ರ ಈ ಷರತ್ತಿನ ಜಾಗವನ್ನು ಗುರುತಿಸುತ್ತದೆ. ಮನಸ್ಸು ಬದಲಾಗಿದ್ದರೆ ಆ ಷರತ್ತು ಸಲ್ಲುತ್ತಿತ್ತು. ಕೀ ಹಾಕದೆ ಪಿಡಿಎಫ್ ಮಾಡಲು ಬರುವುದಿಲ್ಲ, ಪಿಡಿಎಫ್ ಮಾಡದೆ ದೋಷ ತಿಳಿಯುವುದಿಲ್ಲ. ದೋಷ ತಿಳಿಯುವ ಮೊದಲೇ ಮುಗಿದುಹೋಗುವ ಪರಿಹಾರವನ್ನು ಪರಿಹಾರ ಎನ್ನಲಾಗದು. ಜಾಹೀರಾತಿನ ಗುಣಲಕ್ಷಣ ಇಲ್ಲದ ಸರಕಿಗೆ ಹಣ ನಿರಾಕರಿಸಬಾರದೆಂಬ 7ನೇ ನಿಯಮ ಷರತ್ತಿಗಿಂತ ಮೇಲಿನದು.

ಅಷ್ಟಕ್ಕೂ ಬಗೆಹರಿಯದಿದ್ದರೆ ಮುಂದಿನ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದು ಕಂಪನಿಗೆ ದೂರು ತಲುಪಿಸಿ ರಾಜಿಗೆ ಯತ್ನಿಸುತ್ತದೆ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಆದೇಶ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. 2019ರ ಕಾಯ್ದೆ ತಂದ ದೊಡ್ಡ ಅನುಕೂಲವೆಂದರೆ ದೂರುದಾರರು ತಾವು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿ ಎಲ್ಲಿದ್ದರೂ ಪ್ರಕರಣ ದಾವಣಗೆರೆಯಲ್ಲೇ ನಡೆಯುತ್ತದೆ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಇ-ಜಾಗೃತಿ ತಾಣದ ಮೂಲಕ ಆನ್‌ಲೈನಿನಲ್ಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು.

ಈ ಪ್ರಕರಣದಲ್ಲಿ ಒಂದು ತೊಡಕೂ ಇದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ. ಸ್ವಯಂ ಉದ್ಯೋಗದಿಂದ ಜೀವನ ನಡೆಸುವುದಕ್ಕೆಂದೇ ಕೊಂಡು ಬಳಸಿದವರಿಗೆ ಮಾತ್ರ ವಿನಾಯಿತಿ. ಆದರೆ 2019ರ ಕಾಯ್ದೆ ಈ ವಿನಾಯಿತಿಯನ್ನು ಹೇಳುವಾಗ ‘ಸರಕು’ ಎಂಬುದನ್ನು ಮಾತ್ರ ಹೆಸರಿಸಿದೆ, ‘ಸೇವೆ’ಯನ್ನು ಹೆಸರಿಸಿಲ್ಲ. ಹಾಗಾಗಿ ಕಂಪನಿಯ ವಕೀಲರು ‘ಸಾಫ್ಟ್‌ವೇರ್ ಲೈಸೆನ್ಸ್ ಸೇವೆ, ಆಕೆ ಗ್ರಾಹಕಳಲ್ಲ’ ಎಂದು ವಾದಿಸಬಹುದು. ಇದಕ್ಕೆ ಉತ್ತರವಾಗಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಕೊಟ್ಟ ತೀರ್ಪನ್ನು ಮುಂದಿಡಬಹುದು. ಎಲ್ಲರಿಗೂ ಒಂದೇ ರೂಪದಲ್ಲಿ ಮಾರುವ ಸಿದ್ಧ ಸಾಫ್ಟ್‌ವೇರ್, ಸಿ.ಡಿ.ಯಂಥ ಮಾಧ್ಯಮದಲ್ಲಿ ಮಾರಾಟವಾದಾಗ, ಸರಕು ಎಂದು ಅದು ಹೇಳಿತ್ತು. ಡೌನ್‌ಲೋಡಿಗೂ ಅದೇ ತರ್ಕವನ್ನು ವಿಸ್ತರಿಸಿ ವಾದಿಸಬೇಕಾಗುತ್ತದೆ. ದೂರಿನ ಮೊದಲ ಪುಟದಲ್ಲೇ ‘ಇದು ನನ್ನ ಸ್ವಂತ ದುಡಿಮೆ, ನಾನೇ ಬಳಸುವುದು’ ಎಂದು ಸ್ಪಷ್ಟವಾಗಿ ಬರೆಯುವುದು ಇದೇ ಕಾರಣಕ್ಕೆ ಅಗತ್ಯ. ಮನೆಯ ಲೆಕ್ಕ ಬರೆಯಲೋ ಮಕ್ಕಳ ಓದಿಗೋ ಸಾಫ್ಟ್‌ವೇರ್ ಕೊಂಡವರಿಗೆ ಈ ತೊಡಕು ಎದುರಾಗುವುದಿಲ್ಲ.

ಗೇಮಿನ ನಾಣ್ಯ ಮತ್ತು ಮಕ್ಕಳು

ಗೇಮಿನ ನಾಣ್ಯ, ವಜ್ರ, ಪಾಯಿಂಟುಗಳು ಬಳಸಿದೊಡನೆ ಕರಗುವ ಸರಕು. ಹಾಗಾಗಿ ಇಲ್ಲಿನ ನೀತಿಗಳು ಒಂದೇ ಪ್ರಶ್ನೆ ಕೇಳುತ್ತವೆ: ಖರ್ಚಾಗಿದೆಯೇ? ಸ್ಟೀಮ್ ತನ್ನ ಸ್ವಂತ ಗೇಮುಗಳ ಒಳಗಿನ ಖರೀದಿಗೆ 48 ಗಂಟೆಯೊಳಗೆ ರೀಫಂಡ್ ಕೊಡುತ್ತದೆ; ಆ ವಸ್ತುವನ್ನು ಬಳಸಿರಬಾರದು, ಬದಲಿಸಿರಬಾರದು, ಬೇರೆಯವರಿಗೆ ದಾಟಿಸಿರಬಾರದು. ಗೂಗಲ್ ಪ್ಲೇಯಲ್ಲೂ ಸಾಮಾನ್ಯವಾಗಿ ಮೊದಲ 48 ಗಂಟೆಯೇ ಮುಖ್ಯ. ಆಮೇಲೆ ಗೇಮ್ ತಯಾರಿಸಿದವರನ್ನು ಕೇಳಿಕೊಳ್ಳಬೇಕು. ನಾಣ್ಯ ಖಾತೆಗೆ ಬಂದೇ ಇಲ್ಲದಿದ್ದರೆ ಮಾತ್ರ ಪ್ರಶ್ನೆ ಬೇರೆ. ಅದು ತಲುಪದ ಸರಕು, ಅದಕ್ಕೆ ಹಿಂದೆ ಹೇಳಿದ ಹಕ್ಕು ಅನ್ವಯಿಸುತ್ತದೆ.

ಹೆಚ್ಚು ಕಷ್ಟದ ಸಂದರ್ಭ ಅಪ್ಪ ಅಮ್ಮನ ಫೋನಿನಲ್ಲಿ ಮಕ್ಕಳು ನಾಣ್ಯ ಕೊಂಡಾಗಿನದು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅಪ್ರಾಪ್ತರ ಕರಾರು ಮೂಲದಲ್ಲೇ ಶೂನ್ಯ ಎಂದು 1903ರಲ್ಲಿ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಮಾನಿಸಿದ್ದು ಇಂದಿಗೂ ನೆಲೆ ನಿಂತಿದೆ. ಆದರೆ ಕಂಪನಿಯ ದಾಖಲೆಯಲ್ಲಿ ಕೊಂಡವರು ಮಗುವಲ್ಲ, ಖಾತೆಯ ಒಡೆಯರಾದ ತಂದೆಯೋ ತಾಯಿಯೋ. ಮಗುವೇ ಒತ್ತಿತು ಎಂದು ತೋರಿಸುವ ಹೊರೆ ಅವರ ಮೇಲೆ ಬೀಳುತ್ತದೆ. ಮಗುವಿಗೆ ಪಿನ್ ಹೇಳಿಕೊಟ್ಟಿದ್ದರೆ ಬ್ಯಾಂಕಿನಿಂದಲೂ ನೆರವು ಕಷ್ಟ. ಗುಪ್ತ ಸಂಖ್ಯೆಯನ್ನು ಹಂಚಿಕೊಂಡ ನಿರ್ಲಕ್ಷ್ಯದಿಂದ ಆದ ನಷ್ಟವನ್ನು, ಬ್ಯಾಂಕಿಗೆ ತಿಳಿಸುವವರೆಗೆ, ಗ್ರಾಹಕರೇ ಹೊರಬೇಕು ಎಂಬುದು ರಿಸರ್ವ್ ಬ್ಯಾಂಕ್ 2017ರಲ್ಲಿ ವಿಧಿಸಿದ ನಿಯಮ. ಆದ್ದರಿಂದ ಗೊತ್ತಾದ ಗಂಟೆಯಲ್ಲೇ ಮಳಿಗೆಯ ರೀಫಂಡ್ ಪುಟದಲ್ಲಿ ‘ಮಗು ಅನುಮತಿಯಿಲ್ಲದೆ ಕೊಂಡದ್ದು’ ಎಂಬ ಕಾರಣ ಆರಿಸಿ ಅರ್ಜಿ ಹಾಕುವುದು, ಉಳಿದ ನಾಣ್ಯವನ್ನು ಮುಟ್ಟದಿರುವುದು, ಅದೇ ದಿನ ಖರೀದಿಗೆ ಪಾಸ್‌ವರ್ಡ್ ಕಡ್ಡಾಯ ಮಾಡುವುದು ಇವು ಹಣ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ತಪ್ಪೆಲ್ಲ ಮನೆಯವರದೇ ಎಂದು ತೀರ್ಮಾನಿಸುವುದೂ ಅನ್ಯಾಯ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ್ಯಪಲ್ ವಿರುದ್ಧ ಹೊರಿಸಿದ ಆರೋಪ ಹೀಗಿತ್ತು: ಪೋಷಕರು ಒಮ್ಮೆ ಪಾಸ್‌ವರ್ಡ್ ಹಾಕಿದರೆ ಮುಂದಿನ 15 ನಿಮಿಷ ಮಕ್ಕಳು ಮತ್ತೆ ಕೇಳದೆ ಎಷ್ಟು ಬೇಕಾದರೂ ಕೊಳ್ಳಬಹುದಿತ್ತು, ಇದನ್ನು ಪೋಷಕರಿಗೆ ತಿಳಿಸಿರಲಿಲ್ಲ. 2014ರ ರಾಜಿಯಲ್ಲಿ ಕಂಪನಿ ಕನಿಷ್ಠ 3.25 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿತು. ಫೋರ್ಟ್‌ನೈಟ್ ಗೇಮಿನ ಎಪಿಕ್ ಗೇಮ್ಸ್ 2022ರಲ್ಲಿ ಇಂಥದೇ ಆರೋಪಗಳಿಗೆ 24.5 ಕೋಟಿ ಡಾಲರ್ ಕೊಡಲು ಒಪ್ಪಿತು. ಬ್ಯಾಂಕಿನ ಮೂಲಕ ಹಣ ಆಕ್ಷೇಪಿಸಿದವರ ಖಾತೆಗೇ ಬೀಗ ಹಾಕಿದ್ದು ಆ ಆರೋಪಗಳಲ್ಲೊಂದು. ಬ್ಯಾಂಕಿನ ಚಾರ್ಜ್‌ಬ್ಯಾಕ್ ಕೇಳುವ ಮೊದಲು ಈ ಅಪಾಯ ತಿಳಿದಿರಬೇಕು: 800 ರೂಪಾಯಿಯ ನಾಣ್ಯಕ್ಕಾಗಿ ಚಾರ್ಜ್‌ಬ್ಯಾಕ್ ಹಾಕಿದರೆ, ಅದೇ ಖಾತೆಯಲ್ಲಿ ವರ್ಷಗಳಿಂದ ಕೊಂಡ ಇತರ ಗೇಮುಗಳೂ ಕೈತಪ್ಪಬಹುದು. ಮೊದಲು ಮಳಿಗೆಯ ರೀಫಂಡ್, ಅದು ನಿರಾಕರಿಸಲ್ಪಟ್ಟ ಮೇಲೆ ಬ್ಯಾಂಕು ಎಂಬ ಕ್ರಮ ಸುರಕ್ಷಿತ.

ಮಳಿಗೆಯೇ ಮುಚ್ಚಿದಾಗ

ಸರಕು ವರ್ಷಗಟ್ಟಲೆ ಚೆನ್ನಾಗಿದ್ದು, ಒಂದು ದಿನ ಕಂಪನಿಯ ನಿರ್ಧಾರದಿಂದ ಮಾಯವಾಗುವುದೂ ಉಂಟು. ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಜುಲೈ ಹೊತ್ತಿಗೆ ಕೊಂಡಿದ್ದ ಪುಸ್ತಕಗಳು ತೆರೆಯದಾದವು. ಕಂಪನಿ ಎಲ್ಲರಿಗೂ ಪೂರ್ತಿ ಬೆಲೆ ಹಿಂದಿರುಗಿಸಿತು, ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಹೆಚ್ಚುವರಿ 25 ಡಾಲರ್ ಕ್ರೆಡಿಟ್ ಕೊಟ್ಟಿತು. ಅದು ಮಾದರಿಯಾಗಬೇಕಾದ ನಡೆ. ಆದರೆ ಎಲ್ಲ ಕಂಪನಿಯೂ ಹಾಗೆ ಮಾಡುತ್ತದೆಂಬ ಖಾತರಿಯಿಲ್ಲ. ಇದೇ ಕಾರಣಕ್ಕೆ ಕ್ಯಾಲಿಫೋರ್ನಿಯಾ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಗೊಳಿಸಿತು. ಹಿಂತೆಗೆದುಕೊಳ್ಳಬಹುದಾದ ಲೈಸೆನ್ಸನ್ನು ಮಾರುವವರು, ಅದು ಲೈಸೆನ್ಸ್ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಗುಂಡಿ ಇಡುವಂತಿಲ್ಲ.

ಭಾರತದಲ್ಲಿ ಇಂಥ ಸಂದರ್ಭಕ್ಕೆ ಬಳಸಬಹುದಾದ ಅಸ್ತ್ರ ‘ಅನುಚಿತ ಕರಾರು’ ಎಂಬ ಪರಿಕಲ್ಪನೆ. ಸಮಂಜಸ ಕಾರಣವಿಲ್ಲದೆ ಒಂದೇ ಪಕ್ಷ ಕರಾರನ್ನು ಮುಗಿಸಲು ಬಿಡುವ ಷರತ್ತು ಅನುಚಿತ ಎಂದು 2019ರ ಕಾಯ್ದೆ ಹೇಳುತ್ತದೆ. ಅದನ್ನು ಪ್ರಶ್ನಿಸುವ ದೂರು ಜಿಲ್ಲಾ ಆಯೋಗಕ್ಕೆ ಹೋಗುವುದಿಲ್ಲ. ಕರ್ನಾಟಕದವರು ತಮ್ಮ ರಾಜ್ಯ ಆಯೋಗದ ಮುಂದೆ ಹೋಗಬೇಕು. ಅಂಥ ಷರತ್ತನ್ನು ಅಸಿಂಧು ಎಂದು ಘೋಷಿಸುವ ಅಧಿಕಾರ ರಾಜ್ಯ ಆಯೋಗಕ್ಕಿದೆ.

ಹಣ ಬರುವ ದಾರಿ

ರೀಫಂಡ್ ಒಪ್ಪಿದ ಮೇಲೂ ಎರಡು ಕಡೆ ಗ್ರಾಹಕರು ಕಳೆದುಕೊಳ್ಳುತ್ತಾರೆ. ಒಂದು, ಹಣವನ್ನು ಬ್ಯಾಂಕಿಗೆ ಹಾಕದೆ ಮಳಿಗೆಯ ವಾಲೆಟ್ಟಿಗೆ ಹಾಕುವುದು. ಪಾವತಿ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ ಕೊಟ್ಟಿರುವ ಮಾರ್ಗಸೂಚಿಯ ಪ್ರಕಾರ, ಗ್ರಾಹಕರು ಬೇರೆ ದಾರಿಗೆ ಸ್ಪಷ್ಟವಾಗಿ ಒಪ್ಪದಿದ್ದರೆ, ಹಣ ಯಾವ ಮೂಲದಿಂದ ಬಂತೋ ಅಲ್ಲಿಗೇ ಹೋಗಬೇಕು. ಕಾರ್ಡಿನಿಂದ ಕೊಟ್ಟದ್ದು ಕಾರ್ಡಿಗೆ, ಯುಪಿಐಯಿಂದ ಕೊಟ್ಟದ್ದು ಅದೇ ಖಾತೆಗೆ. ವಾಲೆಟ್ ಎಂಬ ಆಯ್ಕೆ ಮೊದಲೇ ಗುರುತಾಗಿ ಕಂಡರೆ ಅದನ್ನು ತೆಗೆದು ಮುಂದುವರಿಯಬೇಕು. ಖರೀದಿಗೆ ಗ್ರಾಹಕರ ಒಪ್ಪಿಗೆಯನ್ನೂ ಹೀಗೆ ಮೊದಲೇ ಗುರುತು ಹಾಕಿದ ಚೌಕದಿಂದ ದಾಖಲಿಸಬಾರದು ಎಂದು ಇ-ಕಾಮರ್ಸ್ ನಿಯಮಗಳು ಸಾರುತ್ತವೆ.

ಇನ್ನೊಂದು ತೆರಿಗೆ. ‘ಜಿಎಸ್‌ಟಿ ಸರ್ಕಾರಕ್ಕೆ ಕಟ್ಟಿಯಾಗಿದೆ, ಮೂಲ ಬೆಲೆ ಮಾತ್ರ ಕೊಡುತ್ತೇವೆ’ ಎಂಬ ಉತ್ತರ ಕೆಲವೊಮ್ಮೆ ಬರುತ್ತದೆ. ಇದು ಸರಿಯಲ್ಲ. ಸರಕು ವಾಪಸಾದಾಗ ಅಥವಾ ಸೇವೆ ನ್ಯೂನವಾದಾಗ ಮಾರಾಟಗಾರ ಕ್ರೆಡಿಟ್ ನೋಟ್ ಕೊಟ್ಟು, ತಾನು ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳಲು ಜಿಎಸ್‌ಟಿ ಕಾಯ್ದೆಯ 34ನೇ ಕಲಂ ಅವಕಾಶ ಕೊಟ್ಟಿದೆ. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರವರೆಗೆ ಇದಕ್ಕೆ ಸಮಯವಿದೆ. ದಾವಣಗೆರೆಯ ಆ ಮಹಿಳೆಗೆ ಬರಬೇಕಾದ್ದು 6,000 ಅಲ್ಲ, 7,080 ರೂಪಾಯಿ.